ಹಳದಿ ಹಾಳೆಯ ಇಪ್ಪತ್ತು ಅಂಕ

ತರಬೇತಿಗಳಲ್ಲಿ ಮುಂದಿನ ಸಾಲು ಹಿಡಿದು ಕೂತು, ಪ್ರಶ್ನೆ ಮುಗಿಯುವ ಮುಂಚೆಯೇ ಕೈ ಎತ್ತುವ ಮೇಷ್ಟ್ರುಗಳನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಚಹಾದ ಹೊತ್ತಿಗೆ ಅಧಿಕಾರಿಯ ಮಗ್ಗುಲಿಗೇ ಸರಿದು ನಿಲ್ಲುವುದು, ಅವರು ನಗುವ ಮೊದಲೇ ನಗುವುದು, ತಾನು ಮಾಡಿದ ಚಾರ್ಟನ್ನು ಸುರುಳಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು ಯಾರಾದರೂ ಬಿಚ್ಚಿಸಲಿ ಎಂದು ಕಾಯುವುದು. ಈ ಜಾತಿಯ ಜನರನ್ನು ನಾನು ಇಷ್ಟು ಚೆನ್ನಾಗಿ ಬಲ್ಲೆ, ಯಾಕೆಂದರೆ ಕಳೆದ ಸೆಪ್ಟೆಂಬರ್‌ವರೆಗೆ ಅವರಲ್ಲಿ ಒಬ್ಬ ನಾನೇ ಆಗಿದ್ದೆ. ನನ್ನ ಚಾರ್ಟಿನ ಸುರುಳಿ ಎಲ್ಲರದಕ್ಕಿಂತ ದಪ್ಪವಾಗಿತ್ತು.

ನನ್ನ ಮನೆ ಬಳ್ಳಾರಿಯ ಸತ್ಯನಾರಾಯಣಪೇಟೆಯಲ್ಲಿ. ನನ್ನ ಶಾಲೆ ಕುರುಗೋಡು ದಾಟಿ ಸಿರುಗುಪ್ಪದ ಕಡೆಗೆ ಹೋಗುವಾಗ ಕಾಲುವೆಯ ಪಕ್ಕದ ಒಂದು ಹಳ್ಳಿಯಲ್ಲಿ. ಬೆಳಿಗ್ಗೆ ಬಸ್ಸಿನಲ್ಲಿ ಕುರುಗೋಡಿಗೆ, ಅಲ್ಲಿಂದ ಟಂಟಂ ಆಟೋದಲ್ಲಿ ಊರಿಗೆ. ಹನ್ನೊಂದು ವರ್ಷ ಹೀಗೇ ಓಡಾಡಿದ್ದೇನೆ. ಅಷ್ಟು ವರ್ಷವೂ ಆ ಊರಿಗೆ ನಾನು ಬರುತ್ತಿರುವುದೇ ದೊಡ್ಡ ಉಪಕಾರ ಎಂದು ಮನಸ್ಸಿನಲ್ಲಿ ಇಟ್ಟುಕೊಂಡೇ ಇಳಿದಿದ್ದೇನೆ. ನಮ್ಮ ಮನೆಯಲ್ಲಿ ಅಜ್ಜನ ಕಾಲದಿಂದ ಎಲ್ಲರೂ ಗುಮಾಸ್ತರು, ಮೇಷ್ಟ್ರುಗಳು. ಅಕ್ಷರ ನಮ್ಮ ಸ್ವಂತ ಆಸ್ತಿ ಎಂಬಂತೆ ಬೆಳೆದವರು ನಾವು.

ಶಾಲೆಗೆ ಎರಡೇ ಕೋಣೆ, ಇಬ್ಬರೇ ಶಿಕ್ಷಕರು. ಒಂದರಿಂದ ಮೂರನೆಯ ತರಗತಿಯನ್ನು ಒಟ್ಟಿಗೆ ಕೂರಿಸಿಕೊಂಡು ಕಲಿಸುವವರು ಮೇಡಂ. ನಾಲ್ಕು ಮತ್ತು ಐದು ಒಂದೇ ಕೋಣೆಯಲ್ಲಿ, ನನ್ನ ಪಾಲಿಗೆ, ಹತ್ತೊಂಬತ್ತು ಮಕ್ಕಳು. ಮೇಡಂ ನನಗಿಂತ ಹಿರಿಯರು, ಮುಖ್ಯಗುರುಗಳ ಚಾರ್ಜೂ ಅವರದೇ. ಕುರುಗೋಡಿನ ಒಕ್ಕಲುತನದ ಮನೆಯವರು. ಗೇಟಿಗೆ ಬರುವ ತಾಯಂದಿರ ಜೊತೆ ಅರ್ಧ ಕನ್ನಡ ಅರ್ಧ ತೆಲುಗಿನಲ್ಲಿ ಮಾತಾಡುತ್ತಿದ್ದರು. ಕಂಪ್ಯೂಟರಿನಲ್ಲಿ ಒಂದು ಗೆರೆ ಎಳೆಯಲು ಬಾರದು. ಪರೀಕ್ಷೆ ಎಂದರೆ ಕರಿಹಲಗೆಯ ಮೇಲೆ ಸುಲಭದಿಂದ ಕಷ್ಟಕ್ಕೆ ಹತ್ತು ಲೆಕ್ಕ ಬರೆದು, "ಎಲ್ಲಿ ತನ ಬರತೈತೋ ಅಲ್ಲಿ ತನ ಮಾಡ್ಕೋತ ಹೋಗ್ರಿ" ಎಂದು ಹೇಳಿ ಮಕ್ಕಳ ನಡುವೆ ಓಡಾಡುವುದು. ಎಲ್ಲಿ ನಿಂತರೋ ಅಲ್ಲಿ ಪಾಟಿಯ ಮೇಲೆ ಅವರದೊಂದು ಸಣ್ಣ ಗೀಟು. ಇದೆಂಥ ಹಳ್ಳಿಗಮಾರ ಪದ್ಧತಿ ಎಂದು ನಾನು ಮೂಗು ಮುರಿಯುತ್ತಿದ್ದೆ. ಬಸ್ಸಿನ ಗೆಳೆಯರ ಮುಂದೆ ಅವರ ಗೀಟನ್ನು ಅಣಕಿಸಿ ನಗಿಸಿದ್ದೂ ಉಂಟು.

ಎರಡು ತರಗತಿ ಒಂದೇ ಕೋಣೆಯಲ್ಲಿ ಕೂತಾಗ ತರಗತಿ ಎನ್ನುವುದು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿಯುತ್ತದೆ. ಐದರಲ್ಲಿದ್ದು ಒತ್ತಕ್ಷರ ಓದಲು ತಡವರಿಸುವವರು ಇದ್ದಾರೆ, ನಾಲ್ಕರಲ್ಲಿದ್ದು ಐದರ ಪಾಠ ಓದುವವರೂ ಇದ್ದಾರೆ. ಹಾಗಾಗಿ ಜೂನ್‌ನಲ್ಲಿ ಒಬ್ಬೊಬ್ಬರನ್ನೇ ಕರೆದು ಓದಿಸಿ, ಲೆಕ್ಕ ಮಾಡಿಸಿ, ಮೂರು ಗುಂಪು ಮಾಡಿದ್ದೆ. ಸರಳ ಪದ ಓದಿ ಸಣ್ಣ ಕೂಡಿಸುವ ಲೆಕ್ಕ ಮಾಡುವವರದು ಒಂದು. ವಾಕ್ಯ ಓದಿ, ದಶಕ ತೆಗೆದುಕೊಂಡು ಕಳೆಯಬಲ್ಲವರದು ಇನ್ನೊಂದು. ಗುಣಾಕಾರ, ಭಾಗಾಕಾರ, ಮಾತಿನ ಲೆಕ್ಕದವರೆಗೆ ಬಂದವರದು ಮೂರನೆಯದು. ಇದರಲ್ಲಿ ತಪ್ಪೇನೂ ಇರಲಿಲ್ಲ. ಈಗಲೂ ಅದನ್ನು ಹಾಗೆಯೇ ಮಾಡುತ್ತೇನೆ.

ನಾನು ಕೆಟ್ಟದ್ದು ಪ್ರಶ್ನೆಪತ್ರಿಕೆಯಲ್ಲಿ. ಸೆಪ್ಟೆಂಬರಿನ ಗಣಿತದ ಕಿರುಪರೀಕ್ಷೆಗೆ ಮೂರು ಗುಂಪಿಗೆ ಮೂರು ಪತ್ರಿಕೆ ಮಾಡಿದೆ. ನೀಲನಕ್ಷೆ ಹಾಕಿದೆ, ಯಾವ ಕಲಿಕೆಗೆ ಎಷ್ಟು ಪ್ರಶ್ನೆ, ಯಾವುದು ಬಾಯಿಲೆಕ್ಕ, ಯಾವುದು ಬರೆಯುವುದು, ಎಲ್ಲ ಚೌಕಗಳಲ್ಲಿ. ಮೂರಕ್ಕೂ ವಿಷಯ ಒಂದೇ, ಊರಿನ ಭತ್ತದ ಗದ್ದೆ ಮತ್ತು ಮೆಣಸಿನಕಾಯಿ. ಮೊದಲ ಗುಂಪಿಗೆ ಮೆಣಸಿನಕಾಯಿಯ ಚಿತ್ರ ಎಣಿಸಿ ಬರೆಯುವುದು, ಹನ್ನೆರಡಕ್ಕೆ ಐದು ಕೂಡಿಸುವುದು. ಎರಡನೆಯದಕ್ಕೆ, ಒಂದು ಗದ್ದೆಗೆ ೨೪೫ ಕಟ್ಟು ಸಸಿ ಬೇಕು, ೧೭೮ ಬಂದಿವೆ, ಇನ್ನೆಷ್ಟು ಬೇಕು? ಮೂರನೆಯದಕ್ಕೆ, ೩೬೪ ಕಟ್ಟು ಸಸಿಯನ್ನು ೧೪ ಮಡಿಗಳಿಗೆ ಸಮನಾಗಿ ಹಂಚಿದರೆ ಒಂದು ಮಡಿಗೆ ಎಷ್ಟು? ಮೇಲಿನ ಎರಡು ಗುಂಪು ತಾವೇ ಓದಿ ಬರೆಯುತ್ತಿರುವಾಗ ನಾನು ಮೊದಲ ಗುಂಪಿನ ಪಕ್ಕ ಕೂತು ಬಾಯಿಲೆಕ್ಕ ಕೇಳುವುದು. ಒಬ್ಬನೇ ಮೇಷ್ಟ್ರು ಮೂರು ಗುಂಪನ್ನು ಒಂದೇ ಹೊತ್ತಿನಲ್ಲಿ ಪರೀಕ್ಷೆ ಮಾಡಬೇಕೆಂದರೆ ಬೇರೆ ದಾರಿ ಇಲ್ಲ.

ಗುಂಪಿಗೆ ಹೆಸರು ಇಟ್ಟರೆ ಮಕ್ಕಳ ಮನಸ್ಸಿಗೆ ನೋವಾಗುತ್ತದೆ ಎಂದು ಬಣ್ಣ ಕೊಟ್ಟೆ. ಪಾರ್ವತಿನಗರದ ಒಂದು ಜೆರಾಕ್ಸ್ ಅಂಗಡಿಯಲ್ಲಿ ನಿಂತು ಮೊದಲ ಗುಂಪಿನದನ್ನು ಹಳದಿ ಹಾಳೆಯಲ್ಲಿ, ಎರಡನೆಯದನ್ನು ಬಿಳಿಯಲ್ಲಿ, ಮೂರನೆಯದನ್ನು ಗುಲಾಬಿಯಲ್ಲಿ ತೆಗೆಸಿದೆ. ಮೇಲು ಕೀಳು ಬೇಡ ಎಂದು ಮೂರಕ್ಕೂ ಇಪ್ಪತ್ತಿಪ್ಪತ್ತು ಅಂಕ ಇಟ್ಟೆ. ಆ ಸಂಜೆ ಬಸ್ಸಿನಲ್ಲಿ ಬಣ್ಣದ ಹಾಳೆಗಳನ್ನು ತೊಡೆಯ ಮೇಲೆ ಇಟ್ಟುಕೊಂಡು ಎಷ್ಟು ಬೀಗಿದ್ದೆನೆಂದರೆ ಈಗ ನೆನೆಸಿಕೊಂಡರೆ ನನ್ನ ಕೆನ್ನೆಗೆ ನಾನೇ ಎರಡು ಬಾರಿಸಬೇಕು ಎನ್ನಿಸುತ್ತದೆ.

ಮರುದಿನ ಮೇಡಂ ಮೂರೂ ಹಾಳೆಗಳನ್ನು ಕೈಯಲ್ಲಿ ಹಿಡಿದು, ಕನ್ನಡಕ ಏರಿಸಿ ನಿಧಾನವಾಗಿ ಓದಿದರು.

"ಛಂದ ಮಾಡೀರಿ ಸರ್," ಎಂದರು. "ಆದ್ರ ಮೂರಕ್ಕೂ ಇಪ್ಪತ್ತ ಇಟ್ಟೀರಲ್ಲ. ಮೆಣಸಿನಕಾಯಿ ಎಣಿಸಿದಾವಗೂ ಇಪ್ಪತ್ತು, ಭಾಗಾಕಾರ ಮಾಡಿದಾಕಿಗೂ ಇಪ್ಪತ್ತು ಅಂದ್ರ, ಬರೇ ಅಂಕ ನೋಡಿದವ್ರಿಗೆ ಹೆಂಗ ತಿಳಿತೈತ್ರಿ?"

"ಮೇಡಂ, ಇದು ಸಮಾನತೆ," ಎಂದೆ. ಆ ಪದವನ್ನು ನಾನು ಉಚ್ಚರಿಸಿದ ರೀತಿ ನನಗೆ ಇನ್ನೂ ನೆನಪಿದೆ. ಸಣ್ಣ ಮಗುವಿಗೆ ಕೈಹಿಡಿದು ತಿದ್ದಿಸಿದಂತಿತ್ತು.

"ಸಮಾನ ಅನ್ನಾದು ಊಟದ ತಟ್ಟಿಗಿ ಸರಿ. ಲೆಕ್ಕದ ಹಾಳಿಗಿ ಹೆಂಗ್ರಿ? ಒಂದು ಕೆಲಸ ಮಾಡ್ರಿ. ಮೂರೂ ಹಾಳ್ಯಾಗ ನಾಕು ಲೆಕ್ಕ ಒಂದ ಇರ್ಲಿ, ಎಲ್ಲಾರಿಗೂ ಅವ. ಮತ್ತ ಅಂಕದ ಮಗ್ಗಲಿಗಿ ಯಾವ ಹಾಳಿ ಅಂತ ಬರೀರಿ. ಅಷ್ಟ ಸಾಕು."

ಎರಡೂ ಮಾತು ಸರಿಯಾಗಿದ್ದವು. ಎಲ್ಲ ಪತ್ರಿಕೆಗಳಲ್ಲೂ ಕೆಲವು ಪ್ರಶ್ನೆ ಒಂದೇ ಇದ್ದರೆ ಮಾತ್ರ ಬೇರೆ ಬೇರೆ ಪತ್ರಿಕೆಯ ಮಕ್ಕಳನ್ನು ಒಂದೇ ಅಳತೆಯಲ್ಲಿ ನೋಡಲು ಬರುತ್ತದೆ. ಇಲ್ಲದಿದ್ದರೆ ಹಳದಿಯ ಅಂಕ ಹಳದಿಗೆ, ಗುಲಾಬಿಯ ಅಂಕ ಗುಲಾಬಿಗೆ. ಇದನ್ನು ನಾನು ದಪ್ಪ ಪುಸ್ತಕಗಳಲ್ಲಿ ಓದಿ ಪಾಸಾಗಿದ್ದೆ. ಅವರು ಓದಿರಲಿಲ್ಲ. ಆದರೆ ಹೇಳಿದವರು ಪಾಟಿಯ ಮೇಲೆ ಗೀಟು ಹಾಕುವ ಮೇಡಂ ಆದ್ದರಿಂದ ಅದು ನನ್ನ ಕಿವಿಗೆ ಹೋಗಲಿಲ್ಲ. "ನೋಡೋಣ ಮೇಡಂ" ಎಂದು ಹಾಳೆಗಳನ್ನು ಅವರ ಕೈಯಿಂದ ತೆಗೆದುಕೊಂಡೆ.

ಪರೀಕ್ಷೆ ಚೆನ್ನಾಗಿಯೇ ನಡೆಯಿತು. ಅದನ್ನು ಇಲ್ಲವೆನ್ನಲಾರೆ. ಐದನೆಯ ತರಗತಿಯಲ್ಲಿ ಒಬ್ಬ ಹುಡುಗ ಇದ್ದ. ಅವನ ಮನೆಯವರು ವರ್ಷದಲ್ಲಿ ನಾಲ್ಕು ತಿಂಗಳು ಹತ್ತಿ ಬಿಡಿಸಲು ಊರೂರು ಹೋಗುವವರು. ಅವನೂ ಅವರ ಬೆನ್ನಿಗೆ. ಹಿಂದಿನ ಯಾವ ಪರೀಕ್ಷೆಯಲ್ಲೂ ನಾಲ್ಕೈದರ ಮೇಲೆ ಅಂಕ ಕಂಡವನಲ್ಲ. ಹಳದಿ ಹಾಳೆಯಲ್ಲಿ ಅವನು ಇಪ್ಪತ್ತಕ್ಕೆ ಇಪ್ಪತ್ತು ತೆಗೆದ. ಹಾಳೆಯನ್ನು ಮಡಿಸದೆ ಎರಡೂ ಕೈಯಲ್ಲಿ ಹಿಡಿದು ಮನೆಗೆ ಹೋದ. ಅಂದಿನಿಂದ ದಸರಾ ರಜೆಯವರೆಗೆ ಒಂದು ದಿನವೂ ಶಾಲೆ ತಪ್ಪಿಸಲಿಲ್ಲ. "ಅದೊಂದು ಪುಣ್ಯದ ಕೆಲಸ ಆತ್ ನೋಡ್ರಿ" ಎಂದು ಮೇಡಂ ಕೂಡ ಒಪ್ಪಿದರು.

ಅದೇ ಐದನೆಯ ತರಗತಿಯಲ್ಲಿ ಒಬ್ಬಳು ಹುಡುಗಿ. ತಾಯಿ ಗದ್ದೆ ಕೂಲಿ, ತಂದೆ ಕೂಲಿಯ ಜೊತೆಗೆ ಬೇರೆಯವರ ಒಂದಿಷ್ಟು ನೆಲವನ್ನು ಕೋರಿಗೆ, ಬೆಳೆಯ ಪಾಲಿಗೆ, ಮಾಡುವವನು. ಅವಳು ಭಾಗಾಕಾರ ಮಾಡುವುದನ್ನು ನೋಡುವುದೇ ಒಂದು ಸುಖ. ಶೇಷ ಉಳಿದರೆ ಹುಬ್ಬು ಗಂಟಿಕ್ಕಿ, ಮೊದಲಿನಿಂದ ಮತ್ತೊಮ್ಮೆ ತಾಳೆ ನೋಡುತ್ತಿದ್ದಳು. ಗುಲಾಬಿ ಹಾಳೆಯಲ್ಲಿ ಅವಳಿಗೆ ಹದಿನೈದು ಬಂತು. ಆ ಹಾಳೆ ಬರೆದ ಮೂವರಲ್ಲಿ ಅದೇ ಹೆಚ್ಚು. ಪತ್ರಿಕೆಯನ್ನು ನಾನು ಬೇಕೆಂದೇ ಬಿಗಿಯಾಗಿ ಮಾಡಿದ್ದೆ, ನನ್ನ ಪಾಂಡಿತ್ಯ ಕಾಣಲಿ ಎಂದು.

ಆ ತಾಯಿ ಒಂದು ದಿನ ಗದ್ದೆಗೆ ಹೋಗುವ ಮುಂಚೆ ಗೇಟಿನ ಹತ್ತಿರ ನಿಂತು ನನಗೆ ಹೇಳಿದ್ದಳು. "ಐದಕ್ಕ ಸಾಕು ಅಂತಾರ್ರಿ ಸರ್ ಮನ್ಯಾಗ. ಆರಕ್ಕ ಅಂದ್ರ ಮುಂದಿನ ಊರಿಗಿ ನಡ್ಕೋತ ಹೋಗಬೇಕು, ಕಳಸಾಕ ಒಲ್ಲೆ ಅಂತಾರ. ಹಾಸ್ಟೆಲ್ ಸಾಲಿ ಸಿಕ್ರ ಕಳಸ್ತೀನಿ ಅಂದಾರ. ಅದೊಂದು ಒಪ್ಪಿಸೀನ್ರಿ. ನೀವೊಂದು ಕೈ ಹಚ್ರಿ." ವಸತಿ ಶಾಲೆಯ ಪ್ರವೇಶ ಪರೀಕ್ಷೆಯನ್ನು ಐದನೆಯ ತರಗತಿಯ ಮಕ್ಕಳು ಬರೆಯುತ್ತಾರೆ, ಆರಕ್ಕೆ ಸೀಟು ಸಿಗುತ್ತದೆ. ಸಿಕ್ಕರೆ ಓದು. ಇಲ್ಲದಿದ್ದರೆ ಆ ಹುಡುಗಿಗೆ ಮುಂದಿನ ವರ್ಷದಿಂದ ತಾಯಿಯ ಜೊತೆ ಕಳೆ ಕೀಳುವುದು. ಇದು ನನಗೆ ಗೊತ್ತಿತ್ತು. ಗೊತ್ತಿದ್ದೇ ಮುಂದಿನದನ್ನೆಲ್ಲ ಮಾಡಿದೆ.

ಪರೀಕ್ಷೆಯ ವಾರದಲ್ಲೇ ನಮ್ಮ ಕ್ಲಸ್ಟರಿನ ಸಂಪನ್ಮೂಲ ವ್ಯಕ್ತಿ ಶಾಲೆಗೆ ಬಂದರು. ಹತ್ತಾರು ಶಾಲೆಗಳ ಉಸ್ತುವಾರಿ ಹೊತ್ತು ಬೈಕಿನಲ್ಲಿ ತಿರುಗುವ ಮನುಷ್ಯ. ಯಾವ ಶಾಲೆಗೆ ಹೋದರೂ ಮೊದಲು ಮಾಡುವ ಕೆಲಸ ಫೋಟೋ ಹೊಡೆಯುವುದು. ನನ್ನ ಮೂರು ಬಣ್ಣದ ಹಾಳೆಗಳನ್ನು ಬೆಂಚಿನ ಮೇಲೆ ಹರಡಿಸಿ, ಮಕ್ಕಳನ್ನು ಹಿಂದೆ ನಿಲ್ಲಿಸಿ, ಏಳೆಂಟು ಫೋಟೋ ತೆಗೆದರು. ಒಂದು ಪ್ರಶ್ನೆಯನ್ನೂ ಓದಲಿಲ್ಲ. ಬಣ್ಣ ಚೆನ್ನಾಗಿತ್ತು, ಅಷ್ಟೇ ಸಾಕಾಯಿತು. "ಇದು ಮಾದರಿ ಪತ್ರಿಕಿ ಸರ್, ಬಳ್ಳಾರಿ ತರಬೇತ್ಯಾಗ ನಿಮ್ಮ ಕೈಲೆ ಮಂಡನಿ ಮಾಡಸ್ತೀನಿ" ಎಂದರು. ಓದದೆ ಹೊಗಳಿದ ಆ ಮನುಷ್ಯನನ್ನು ನಾನು ಆ ಕ್ಷಣವೇ ತಿರಸ್ಕರಿಸಬೇಕಿತ್ತು. ಬದಲಿಗೆ ಅವರಿಗೆ ಎರಡನೆಯ ಸಲ ಚಹಾ ತರಿಸಿದೆ.

ಹೋಗುವಾಗ ಮಕ್ಕಳ ಅಂಕಪಟ್ಟಿ ತೆಗೆದುಕೊಂಡು ಹೋದರು. ಅವರ ನಮೂನೆಯಲ್ಲಿ ನಾಲ್ಕೇ ಕಲಂ. ಹೆಸರು, ತರಗತಿ, ಪಡೆದ ಅಂಕ, ಶೇಕಡ. ಬಣ್ಣಕ್ಕೆ ಅಲ್ಲಿ ಜಾಗವಿರಲಿಲ್ಲ. ಹಳದಿ ಹಾಳೆಯ ಹುಡುಗ ನೂರಕ್ಕೆ ನೂರು. ಗುಲಾಬಿ ಹಾಳೆಯ ಹುಡುಗಿ ಎಪ್ಪತ್ತೈದು.

ವಾರ ಕಳೆಯುವುದರೊಳಗೆ ಸುತ್ತೋಲೆ ಬಂತು. ಸಿರುಗುಪ್ಪದ ಕೆಲವು ಅಕ್ಕಿ ಗಿರಣಿಯವರು ಸೇರಿ ದಸರಾ ರಜೆಯಲ್ಲಿ ವಸತಿ ಶಾಲೆಯ ಪ್ರವೇಶ ಪರೀಕ್ಷೆಗೆ ಹದಿನೈದು ದಿನದ ಶಿಬಿರ ನಡೆಸುತ್ತಾರೆ. ಊಟ, ವಸತಿ, ಪುಸ್ತಕ ಎಲ್ಲ ಅವರದೇ. ಒಂದು ಶಾಲೆಯಿಂದ ಐದನೆಯ ತರಗತಿಯ ಒಂದು ಮಗು. ಆಯ್ಕೆ ಈಗ ಕ್ಲಸ್ಟರಿನಲ್ಲಿರುವ ಅಂಕಪಟ್ಟಿಯಿಂದ, ಹೆಚ್ಚು ಶೇಕಡ ಇದ್ದವರಿಗೆ. ಪಟ್ಟಿ ಶನಿವಾರ ಹೋಗುತ್ತದೆ.

ಮೇಡಂ ಬುಧವಾರ ಅದನ್ನು ಓದಿ ತಲೆ ಎತ್ತಿದರು. "ನಾ ಅವತ್ತ ಹೇಳಿದ್ದು ಇದನ್ನ ರೀ," ಎಂದರು. ಅದಕ್ಕಿಂತ ಹೆಚ್ಚು ಹಂಗಿಸಲಿಲ್ಲ. ಕೂಡಲೇ ಸಂಪನ್ಮೂಲ ವ್ಯಕ್ತಿಗೆ ಫೋನ್ ಮಾಡಿದರು. ಅವರು, "ಬಾಯಿಮಾತು ನಡಿಯಂಗಿಲ್ರಿ ಮೇಡಂ, ಸಹಿ ಸೀಲು ಹಾಕಿದ ಹಾಳಿ ಬೇಕು. ಬಂತಂದ್ರ ಹೆಸರು ಬದ್ಲಿ ಮಾಡ್ತೀನಿ" ಎಂದರು. ಮೇಡಂ ಅಂದೇ ಕೂತು ಪತ್ರ ಬರೆದರು. ಮೂರು ಪತ್ರಿಕೆಗಳ ಮಟ್ಟ ಬೇರೆ ಬೇರೆ, ಅವುಗಳ ಅಂಕಗಳನ್ನು ಒಂದಕ್ಕೊಂದು ಹೋಲಿಸಲು ಬರುವುದಿಲ್ಲ, ಪತ್ರಿಕೆಯ ರಚನೆಯಲ್ಲಿ ಈ ಲೋಪವಿದೆ, ಆದ್ದರಿಂದ ಮೇಲಿನ ಹಂತದ ಪತ್ರಿಕೆ ಬರೆದ ವಿದ್ಯಾರ್ಥಿನಿಯನ್ನು ಆಯ್ಕೆ ಮಾಡಬೇಕು. ಗುರುವಾರ ಬೆಳಿಗ್ಗೆ ಸೀಲು ಹಾಕಿ ನನ್ನ ಕೈಗೆ ಕೊಟ್ಟರು. ಶಾಲೆಯ ಟಪಾಲು ಒಯ್ಯುವುದು ಮೊದಲಿನಿಂದಲೂ ನನ್ನ ಕೆಲಸ. ಕುರುಗೋಡಿನಲ್ಲಿ ಬಸ್ಸಿಗೆ ಕಾಯುವಾಗ ಕಚೇರಿಗೆ ಹೋಗಿ ಕೊಟ್ಟು, ನಕಲಿನ ಮೇಲೆ ಸ್ವೀಕೃತಿ ಹಾಕಿಸಿಕೊಂಡು ಬರುತ್ತೇನೆ. ಐದು ನಿಮಿಷದ ಕೆಲಸ.

ಸಂಜೆ ಕುರುಗೋಡಿನಲ್ಲಿ ಇಳಿದೆ. ಪತ್ರ ತೆಗೆದು ಇನ್ನೊಮ್ಮೆ ಓದಿದೆ. "ಪತ್ರಿಕೆಯ ರಚನೆಯಲ್ಲಿ ಈ ಲೋಪವಿದೆ." ಆ ಸಾಲಿನ ಹತ್ತಿರ ನನ್ನ ಕಾಲು ನಿಂತಿತು. ಬಳ್ಳಾರಿಯ ತರಬೇತಿ ಸೋಮವಾರ ಇತ್ತು. ಮಾದರಿ ಎಂದು ಕರೆದ ಪತ್ರಿಕೆಗೆ ಅದೇ ಶಾಲೆಯಿಂದ ಲೋಪ ಎಂಬ ಪತ್ರ ಹೋದರೆ ನನ್ನ ಹೆಸರು ಪಟ್ಟಿಯಿಂದ ಹೊಡೆದು ಹೋಗುತ್ತದೆ. ಒಂದೆರಡು ದಿನ ತಡವಾದರೆ ಏನಾಯಿತು, ಇವರ ಪಟ್ಟಿಗಳು ಎಂದಾದರೂ ಹೇಳಿದ ದಿನ ಹೋಗಿವೆಯೇ ಎಂದು ನನಗೆ ನಾನೇ ಹೇಳಿಕೊಂಡೆ. ಸರಕಾರಿ ಕಚೇರಿಗಳ ಸೋಮಾರಿತನದ ಮೇಲೆ ಅಷ್ಟು ನಂಬಿಕೆ ಇಟ್ಟು ಪತ್ರವನ್ನು ಬ್ಯಾಗಿಗೆ ಹಾಕಿಕೊಂಡೆ. ಶುಕ್ರವಾರ ಮೇಡಂ "ಕೊಟ್ಟ್ರೇನ್ರಿ?" ಎಂದು ಕೇಳಿದರು. "ಕೊಟ್ಟೆ ಮೇಡಂ, ನೋಡ್ತೀವಿ ಅಂದ್ರು," ಎಂದೆ. ಎಷ್ಟು ಸಲೀಸಾಗಿ ಬಂತೆಂದರೆ ಸುಳ್ಳು ಎಂದು ನನಗೂ ಅನ್ನಿಸಲಿಲ್ಲ.

ಸೋಮವಾರದ ಸಭಾಂಗಣದಲ್ಲಿ ನೂರರ ಹತ್ತಿರ ಜನ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ನಾನು ಪರದೆಯ ಮೇಲೆ ಹಳದಿ, ಬಿಳಿ, ಗುಲಾಬಿ ತೋರಿಸಿದೆ. ಒಬ್ಬೊಬ್ಬರೂ ಫೋನ್ ಎತ್ತಿ ಪರದೆಯ ಫೋಟೋ ತೆಗೆದರು. ಪ್ರಶ್ನೆ ಯಾರಿಗೆ ಬೇಕಿತ್ತು, ಬಣ್ಣದ ಐಡಿಯಾ ಬೇಕಿತ್ತು. ಮುಂದಿನ ತಿಂಗಳು ಎಷ್ಟು ಶಾಲೆಗಳಲ್ಲಿ ಬಣ್ಣದ ಹಾಳೆ ಹಂಚಿರುತ್ತಾರೋ ದೇವರಿಗೇ ಗೊತ್ತು. ವೇದಿಕೆಯ ಮೇಲಿದ್ದ ಅಧಿಕಾರಿಯೊಬ್ಬರು, "ಮಕ್ಕಳು ಇದನ್ನು ಹೇಗೆ ಸ್ವೀಕರಿಸಿದರು?" ಎಂದು ಕೇಳಿದರು. "ಪ್ರತಿ ಮಗುವೂ ತನ್ನ ಗೆಲುವನ್ನು ತಾನೇ ಕಂಡಿದೆ ಸರ್," ಎಂದೆ. ಚಪ್ಪಾಳೆ ಬಿತ್ತು.

ಆಗ ಹಿಂದಿನ ಸಾಲಿನಿಂದ ರೂಪನಗುಡಿ ಕಡೆಯ ಒಬ್ಬ ಮೇಷ್ಟ್ರು ಎದ್ದು ನಿಂತರು. ಇಸ್ತ್ರಿ ಇಲ್ಲದ ಅಂಗಿ, ಕೈಯಲ್ಲಿ ಮಡಚಿದ ಹಾಳೆ.

"ಸರ, ಒಂದು ಡೌಟು. ಮೂರಕ್ಕೂ ಇಪ್ಪತ್ತ ಅಂದ್ರ, ಪಟ್ಟ್ಯಾಗ ಯಾರು ಯಾವ ಹಾಳಿ ಬರದಾರ ಅಂತ ಹೆಂಗ ಗೊತ್ತಾಗತೈತಿ?"

ಅದಕ್ಕೆ ಉತ್ತರ ನನ್ನ ಕಾಲ ಬಳಿಯ ಬ್ಯಾಗಿನಲ್ಲಿತ್ತು, ಸಹಿ ಸೀಲು ಸಮೇತ. "ಅದು ದಾಖಲೆಯ ವಿಷಯ, ಕಲಿಕೆಯ ವಿಷಯವಲ್ಲ. ನಾವು ಅಂಕದ ಗುಂಗಿನಿಂದ ಹೊರಗೆ ಬರಬೇಕು," ಎಂದೆ. ಇನ್ನೂ ದೊಡ್ಡ ಚಪ್ಪಾಳೆ ಬಿತ್ತು. ಆ ಮೇಷ್ಟ್ರು ಕೈಯ ಹಾಳೆಯನ್ನು ಇನ್ನೊಮ್ಮೆ ಮಡಚಿ ಕೂತರು. ಆ ಸಭಾಂಗಣದಲ್ಲಿ ಚಪ್ಪಾಳೆ ಹೊಡೆಯದ ಒಬ್ಬರೇ ಅವರು. ಊಟದ ಹೊತ್ತಿಗೆ ಅವರಿಂದ ತಪ್ಪಿಸಿಕೊಂಡು ಇನ್ನೊಂದು ಮೂಲೆಯಲ್ಲಿ ತಟ್ಟೆ ಹಿಡಿದು ನಿಂತೆ.

ಮಂಗಳವಾರ ಬೆಳಿಗ್ಗೆ ಕುರುಗೋಡಿನಲ್ಲಿ ಪತ್ರ ಕೊಟ್ಟೆ. ಸಂಪನ್ಮೂಲ ವ್ಯಕ್ತಿ ಓದಿ, "ಪಟ್ಟಿ ಶನಿವಾರನ ಹೋತಲ್ರಿ ಸರ್," ಎಂದರು. ಜೀವಮಾನದಲ್ಲಿ ಮೊದಲ ಬಾರಿಗೆ ಒಂದು ಪಟ್ಟಿ ಹೇಳಿದ ದಿನವೇ ಹೋಗಿತ್ತು. "ಮೊದ್ಲ ತಂದಿದ್ರ ನನಗೇನು ಕಷ್ಟಿತ್ತು? ನಿಮ್ಮ ಮಂಡನಿನೂ ಆತು, ಇದೂ ಆಗತಿತ್ತು. ಯಾರು ಬ್ಯಾಡ ಅಂತಿದ್ರು?" ಪತ್ರ ಬಂದಿದ್ದರೂ ಆ ಮನುಷ್ಯ ನನ್ನನ್ನು ತೆಗೆಯುತ್ತಿರಲಿಲ್ಲ. ನಾನು ಯಾವುದಕ್ಕೆ ಹೆದರಿದ್ದೆನೋ ಅದು ಆಗುವಂಥದ್ದೇ ಆಗಿರಲಿಲ್ಲ. ಹೇಡಿತನ ಅಗ್ಗದ್ದು ಎಂದು ಗೊತ್ತಿತ್ತು, ಇಷ್ಟು ಅಗ್ಗ ಎಂದು ಗೊತ್ತಿರಲಿಲ್ಲ. ಅವರು ನಕಲಿನ ಮೇಲೆ ಸ್ವೀಕೃತಿಯ ಸೀಲು ಒತ್ತಿ, ತಾರೀಖು ಹಾಕಿ ಕೊಟ್ಟರು. ನಾನು ತಾರೀಖಿನ ಕಡೆ ನೋಡದೆ ತಂದು ಮೇಡಂ ಮೇಜಿನ ಮೇಲೆ ಇಟ್ಟೆ.

ಮೇಡಂ ಆ ಸೀಲಿನ ತಾರೀಖಿನ ಮೇಲೆ ಬೆರಳಿಟ್ಟರು.

"ಗುರುವಾರ ಕೊಟ್ಟ ಪತ್ರ ಮಂಗಳವಾರ ಮುಟ್ಟೈತಿ," ಎಂದರು. "ಕುರುಗೋಡು ಅಷ್ಟು ದೂರ ಆತೇನ್ರಿ ಸರ್?"

ನಾನು ತರಬೇತಿಯ ವಿಷಯ ಏನೋ ಹೇಳಲು ಹೋದೆ. ಅವರು ಕೇಳಲಿಲ್ಲ. ಪಂಚಿಂಗ್ ಯಂತ್ರ ತೆಗೆದುಕೊಂಡು, ಹಾಳೆಗೆ ಎರಡು ತೂತು ಹೊಡೆದು, ಫೈಲಿನ ದಾರಕ್ಕೆ ಏರಿಸಿದರು. ಹನ್ನೊಂದು ವರ್ಷ ನಾನು ಅವರನ್ನು ನೋಡಿದ್ದ ದೃಷ್ಟಿಯಿಂದ ಅವರು ಅಂದು ನನ್ನನ್ನು ನೋಡಿದರು. ವ್ಯತ್ಯಾಸ ಒಂದೇ, ಅವರ ಬಳಿ ಕಾರಣ ಇತ್ತು.

ರಜೆಯ ಮೊದಲ ದಿನ ಅವರೇ ಹುಡುಗಿಯನ್ನು ಕರೆದುಕೊಂಡು ಸಿರುಗುಪ್ಪದ ಬಸ್ಸು ಹತ್ತಿದರು. ಶಿಬಿರದವರು ಒಳ್ಳೆಯ ಮಾತಿನಲ್ಲೇ ಹೇಳಿದರಂತೆ. ಶಾಲೆಗೆ ಒಂದೇ ಹಾಸಿಗೆ, ಈ ಶಾಲೆಯ ಹುಡುಗ ಬಂದಾಗಿದೆ, ಅವನನ್ನು ವಾಪಸು ಕರೆದುಕೊಂಡು ಹೋದರೆ ಇವಳನ್ನು ಸೇರಿಸಿಕೊಳ್ಳುತ್ತೇವೆ. ಆ ಹುಡುಗ ಹೊಸ ಅಂಗಿ ಹಾಕಿಕೊಂಡು ಮೊದಲ ಬೆಂಚಿನಲ್ಲಿ ಕೂತಿದ್ದನಂತೆ. ಮೇಡಂ ಅವನ ತಲೆ ಸವರಿ ಹುಡುಗಿಯ ಜೊತೆ ಹಿಂದಿರುಗಿದರು. ನಾನು ಆ ದಿನ ಸತ್ಯನಾರಾಯಣಪೇಟೆಯಲ್ಲಿ ಗೊಂಬೆ ಕೂರಿಸುವುದಕ್ಕೆ ಮೆಟ್ಟಿಲು ಜೋಡಿಸುತ್ತಿದ್ದೆ.

ರಜೆ ಮುಗಿದ ಮೇಲೆ ಹುಡುಗ ಬಂದ. "ಹೆಂಗಿತ್ತಲೇ ಶಿಬಿರ?" ಎಂದೆ. ನೆಲ ನೋಡಿಕೊಂಡು ಹೇಳಿದ, "ಅಲ್ಲಿ ಹಳದಿ ಹಾಳಿ ಇರ್ಲಿಲ್ರಿ ಸರ್." ಹದಿನೈದು ದಿನ ಅವನ ಮುಂದೆ ಭಾಗಾಕಾರ, ಭಿನ್ನರಾಶಿ ಹಾಕಿದ್ದಾರೆ. ಎರಡನೆಯ ದಿನಕ್ಕೆ ಅವನನ್ನು ಕೊನೆಯ ಬೆಂಚಿಗೆ ಕಳಿಸಿದ್ದಾರೆ. ಅಲ್ಲಿಗೆ ಬಂದ ನೂರಕ್ಕೆ ನೂರರ ಹುಡುಗನಿಗೆ ಹದಿನಾಲ್ಕರ ಮಗ್ಗಿ ಬಿಡು, ನಾಲ್ಕರ ಮಗ್ಗಿಯೂ ಬಾರದು ಎಂದು ಉಳಿದ ಮಕ್ಕಳು ನಕ್ಕಿದ್ದಾರೆ. ಎರಡು ಕೈಯಲ್ಲಿ ಹಾಳೆ ಹಿಡಿದು ಮನೆಗೆ ಹೋದ ಹುಡುಗ ಈಗ ಮತ್ತೆ ವಾರಕ್ಕೆ ಎರಡು ದಿನ ತಪ್ಪಿಸಲು ಶುರು ಮಾಡಿದ. ಒಂದು ಪತ್ರಿಕೆಯಿಂದ ಕೊಟ್ಟದ್ದನ್ನು ಅದೇ ಪತ್ರಿಕೆಯಿಂದ ಕಿತ್ತುಕೊಂಡಿದ್ದೆ.

ಹುಡುಗಿಯ ತಾಯಿ ಮತ್ತೆ ಗೇಟಿಗೆ ಬಂದಳು. ಗೇಟಿನ ಹೊರಗೇ ನಿಂತಳು.

"ಮನ್ಯಾಗ ಹಾಸ್ಟೆಲ್ ಸಾಲಿ ಅರ್ಜಿ ಬ್ಯಾಡ ಅಂತಾರ್ರಿ. ಊರಾಗ ಅವಂಗ ಇಪ್ಪತ್ತು ಬಂದೈತಿ, ಇಕಿಗಿ ಹದಿನೈದು. ಶ್ಯಾಣ್ಯಾ ಅವ, ಇಕಿನ್ಯಾಕ ಕಳಸಬೇಕು ಅಂತ ಕೇಳ್ತಾರ."

ನಾನು ವಿವರಿಸಲು ಹೋದೆ. ಅವಳ ಹಾಳೆ ಬೇರೆ, ಅವನ ಹಾಳೆ ಬೇರೆ, ಅವಳದು ಕಷ್ಟದ ಲೆಕ್ಕ, ಹಾಗಾಗಿ ಅವಳ ಹದಿನೈದು ದೊಡ್ಡದು ಎಂದೆ. ಆ ತಾಯಿ ಸಾವಧಾನವಾಗಿ ಎಲ್ಲ ಕೇಳಿದಳು.

"ಹದಿನೈದು ಇಪ್ಪತ್ತಕ್ಕಿಂತ ದೊಡ್ಡದೇನ್ರಿ ಸರ್?" ಎಂದಳು.

ವ್ಯಂಗ್ಯವಿರಲಿಲ್ಲ, ನಿಜವಾಗಿಯೇ ಕೇಳಿದಳು. ನೂರು ಜನರ ಮುಂದೆ ಮಾತಾಡಿದ್ದ ನಾನು ಗಂಟೆ ಹೊಡೆಯುವ ನೆಪ ಮಾಡಿ ಒಳಗೆ ಹೋದೆ. ನನಗೆ ನಾಚಿಕೆಯಾಯಿತು. ಸಂಜೆ ಬಸ್ಸಿನಲ್ಲಿ ಗೆಳೆಯರು ತರಬೇತಿಯ ಚಪ್ಪಾಳೆಯ ವಿಷಯ ತೆಗೆದಾಗ ಕಿಟಕಿಯ ಕಡೆ ಮುಖ ಮಾಡಿ ಕೂತೆ.

ಡಿಸೆಂಬರಿನ ಪರೀಕ್ಷೆಗೆ ಮೇಡಂ ಹೇಳಿದಂತೆಯೇ ಪತ್ರಿಕೆ ಮಾಡಿದೆ. ಮೂರು ಹಾಳೆಯಲ್ಲೂ ನಾಲ್ಕು ಲೆಕ್ಕ ಒಂದೇ. ನಮ್ಮ ರಿಜಿಸ್ಟರಿನಲ್ಲಿ ಅಂಕದ ಪಕ್ಕ ಯಾವ ಹಾಳೆ ಎಂಬ ಹೊಸ ಕಲಂ ಎಳೆದೆ. ಕ್ಲಸ್ಟರಿಗೆ ಹೋಗುವ ಪಟ್ಟಿಯಲ್ಲೂ ಹೆಸರಿನ ಮುಂದೆ ಹಂತ ಒಂದು, ಎರಡು, ಮೂರು ಎಂದು ಕೈಯಲ್ಲಿ ಬರೆದು ಕಳಿಸುವುದೆಂದು ಮೇಡಂ ಹೇಳಿದರು, ಒಪ್ಪಿದೆ. ಬಣ್ಣವನ್ನು ಬದಲಾಯಿಸಲಿಲ್ಲ, ಜೆರಾಕ್ಸ್ ಅಂಗಡಿಯಲ್ಲಿ ಹಳೆಯ ಹಾಳೆ ಉಳಿದಿತ್ತು.

ಪರೀಕ್ಷೆಯ ದಿನ ಹಾಳೆ ಹಂಚುತ್ತ ಆ ಹುಡುಗಿಯ ಹತ್ತಿರ ಬಂದು ಗುಲಾಬಿ ಹಾಳೆ ನೀಡಿದೆ. ಅವಳು ಕೈ ಚಾಚಲಿಲ್ಲ.

"ನನಗ ಹಳದಿ ಹಾಳಿ ಕೊಡ್ರಿ ಸರ್."

"ಹಳದಿ ಯಾಕವ್ವ? ನೀನು ಭಾಗಾಕಾರದಾಕಿ."

"ಇಪ್ಪತ್ತು ಬಂದ್ರ ಅರ್ಜಿಗಿ ಸಹಿ ಹಾಕ್ತೀನಿ ಅಂದಾನ್ರಿ ನಮ್ಮಪ್ಪ."

ಇಡೀ ಕೋಣೆ ಕೇಳಿಸಿಕೊಳ್ಳುತ್ತಿತ್ತು. ಬಹುತರಗತಿ ಕೋಣೆಯಲ್ಲಿ ಯಾವ ಮಾತೂ ಒಬ್ಬರಿಗೇ ಸೇರಿದ್ದಲ್ಲ. ಕೊಡಬಾರದು ಎಂದು ನನಗೆ ಗೊತ್ತಿತ್ತು. ಜೂನ್‌ನಿಂದ ಇಲ್ಲಿಯವರೆಗಿನ ಅವಳ ಕಲಿಕೆಗೆ ಆ ಹಾಳೆ ಅವಮಾನ ಎಂದೂ ಗೊತ್ತಿತ್ತು. ಆದರೆ ಆ ನಿಯಮವನ್ನು ಹೇಳುವ ಮುಖ ನನ್ನದಲ್ಲ. ಹಳದಿ ಹಾಳೆ ಕೊಟ್ಟೆ.

ಅವಳು ಮೆಣಸಿನಕಾಯಿ ಎಣಿಸಿದಳು. ಹನ್ನೆರಡಕ್ಕೆ ಐದು ಕೂಡಿಸುವಂಥ ಲೆಕ್ಕಗಳನ್ನೆಲ್ಲ ಕೂಡಿಸಿದಳು. ಬಾಯಿಲೆಕ್ಕಕ್ಕೆ ಸಣ್ಣವರ ಸಾಲಿನಲ್ಲಿ, ಆ ಹುಡುಗನ ಹಿಂದೆ, ತನ್ನ ಸರದಿಗೆ ಕಾದು ನಿಂತಳು. ಹತ್ತು ನಿಮಿಷಕ್ಕೆ ಎಲ್ಲ ಮುಗಿಸಿ ಕೈಕಟ್ಟಿ ಕೂತಳು. ನನಗೆ ತಡೆಯಲಾಗಲಿಲ್ಲ. ಸದ್ದಿಲ್ಲದೆ ಗುಲಾಬಿ ಹಾಳೆಯನ್ನು ಅವಳ ಮುಂದೆ ಇಟ್ಟು, "ಇದನ್ನೂ ಮಾಡು, ಸುಮ್ನ ಮಾಡು," ಎಂದೆ. ಅವಳು ಹಾಳೆಯ ಮೇಲೆ ಒಮ್ಮೆ ಕಣ್ಣಾಡಿಸಿದಳು. ಮೊದಲ ಲೆಕ್ಕದ ಉತ್ತರ ಅವಳ ತುಟಿಯ ಮೇಲೆ ಬಂದು ಹೋದದ್ದನ್ನು ನಾನು ಕಂಡೆ. ಆಮೇಲೆ ಹಾಳೆಯನ್ನು ಎರಡು ಬೆರಳಿನಿಂದ ನನ್ನ ಕಡೆಗೆ ಸರಿಸಿದಳು.

"ಬ್ಯಾಡ್ರಿ ಸರ್. ಅದಕ್ಕ ಕಿಮ್ಮತ್ತಿಲ್ಲ."

ಮರುದಿನ ಅವಳು ಅರ್ಜಿ ತಂದು ಮೇಡಂ ಕೈಗೆ ಕೊಟ್ಟಳು. ಅಪ್ಪನ ಸಹಿ ಇತ್ತು. ಪ್ರವೇಶ ಪರೀಕ್ಷೆ ಇನ್ನೂ ಮುಂದಿದೆ, ಶಾಲೆ ಬಿಟ್ಟ ಮೇಲೆ ಮೇಡಂ ಅವಳನ್ನು ಕೂರಿಸಿಕೊಂಡು ಹೇಳಿಕೊಡುತ್ತಿದ್ದಾರೆ. ನನ್ನನ್ನು ಕೇಳಲಿಲ್ಲ, ಕೇಳಬೇಕಾಗಿಯೂ ಇಲ್ಲ. ಅರ್ಜಿಯ ಹಿಂದೆ, ಯಾರೂ ಲಗತ್ತಿಸಲು ಹೇಳದಿದ್ದರೂ, ಅವಳ ಅಪ್ಪ ಆ ಹಳದಿ ಹಾಳೆಯನ್ನು ಪಿನ್ ಹಾಕಿ ಕಳಿಸಿದ್ದ. ಮೂಲೆಯಲ್ಲಿ ಕೆಂಪು ಶಾಯಿಯಲ್ಲಿ ನಾನೇ ಕೈಯಾರ ಬರೆದ ಅಂಕ ಇತ್ತು, ಇಪ್ಪತ್ತಕ್ಕೆ ಇಪ್ಪತ್ತು, ಅದರ ಕೆಳಗೆ ಎಂದಿನಂತೆ "ಅತ್ಯುತ್ತಮ" ಎಂದು ಬರೆದು ಸಹಿ ಹಾಕಿದ್ದೆ.